ಬಿಸಿಯೂಟದ ಅಕ್ಕಿಗೆ ಎಕ್ಸೆಲ್ ದಾಸ್ತಾನು ವಹಿ

ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟನೇ ತರಗತಿಯ ಮಗುವಿಗೆ 150 ಗ್ರಾಂ: ಇದು ಬಿಸಿಯೂಟದ ಧಾನ್ಯದ ಅಳತೆ. ಕಿರಿಯರು 60, ಹಿರಿಯರು 40 ಇರುವ ಶಾಲೆಯಲ್ಲಿ ಎಲ್ಲರೂ ಹಾಜರಿದ್ದ ದಿನ 12 ಕಿಲೋ ಅಕ್ಕಿ ಬೇಕು. ಹಾಜರಾತಿ ದಿನಕ್ಕೊಂದು ಬಗೆ, ಅಕ್ಕಿ ಬರುವುದು ಯಾವಾಗಲೋ ಒಮ್ಮೆ. ಹೀಗಿರುವಾಗ ಉಗ್ರಾಣದಲ್ಲಿ ಈಗ ಎಷ್ಟಿದೆ ಎಂದು ಹೇಳುವುದು ದಾಸ್ತಾನು ವಹಿ. ಅದನ್ನು ಎಕ್ಸೆಲ್‌ನಲ್ಲಿ ಮಾಡಿಕೊಳ್ಳಲು ಆರು ಕಾಲಂ ಸಾಕು.

ಅಕ್ಕಿಗೊಂದು, ಬೇಳೆಗೊಂದು, ಎಣ್ಣೆಗೊಂದು ಪ್ರತ್ಯೇಕ ಶೀಟ್ ಇರಲಿ. ಅಕ್ಕಿಯ ಶೀಟ್‌ನ ಮೊದಲ ಸಾಲಿನಲ್ಲಿ A ಯಿಂದ F ವರೆಗೆ ಈ ತಲೆಬರಹಗಳನ್ನು ಬರೆಯಿರಿ: ದಿನಾಂಕ, ವಿವರ, ಆರಂಭಿಕ ಶಿಲ್ಕು, ಸ್ವೀಕೃತಿ, ವಿತರಣೆ, ಅಖೈರು ಶಿಲ್ಕು. ಎಲ್ಲ ಲೆಕ್ಕವೂ ಕಿಲೋದಲ್ಲೇ ಇರಲಿ, ಆದರೆ ಸೆಲ್‌ನಲ್ಲಿ ಅಂಕಿ ಮಾತ್ರ ಬರಬೇಕು. "25 ಕೆಜಿ" ಎಂದು ಬರೆದರೆ ಎಕ್ಸೆಲ್‌ಗೆ ಅದು ಅಕ್ಷರ. ಕೂಡಲು ಹೋಗಿ #VALUE! ಎಂದು ತೋರಿಸುತ್ತದೆ.

ಕೈಯಿಂದ ಬರೆಯುವ ಆರಂಭಿಕ ಶಿಲ್ಕು ಒಂದೇ, C2 ದಲ್ಲಿರುವುದು. ಅದನ್ನು ಹಳೆಯ ಪುಸ್ತಕದಿಂದ ಎತ್ತಿಕೊಳ್ಳದೆ ಅಕ್ಕಿಯನ್ನೇ ತೂಗಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅದು 85 ಕಿಲೋ. ಮುಂದಿನದೆಲ್ಲ ಮೂರು ಸೂತ್ರಗಳ ಕೆಲಸ. ಇವು ಕ್ರಮವಾಗಿ F2, C3 ಮತ್ತು F3 ಸೆಲ್‌ಗಳಿಗೆ:

```
=C2+D2-E2
=IF(A3="","",F2)
=IF(A3="","",C3+D3-E3)
```

ಇದ್ದದ್ದಕ್ಕೆ ಬಂದದ್ದನ್ನು ಕೂಡಿ, ಕೊಟ್ಟದ್ದನ್ನು ಕಳೆದರೆ ಉಳಿದದ್ದು. ನಿನ್ನೆ ಉಳಿದದ್ದೇ ಇವತ್ತಿನ ಆರಂಭ. ದಿನಾಂಕ ಬರೆಯದ ಸಾಲು ಖಾಲಿಯಾಗಿ ಕಾಣಲಿ ಎಂದು IF ಸೇರಿಸಿದ್ದೇವೆ. C3 ಮತ್ತು F3 ಎರಡನ್ನೂ 500ನೇ ಸಾಲಿನವರೆಗೆ ಎಳೆದುಬಿಡಿ.

ಸೋಮವಾರ 12 ಕಿಲೋ ಕೊಟ್ಟರೆ ಉಳಿಕೆ 73. ಮಂಗಳವಾರ 100 ಕಿಲೋ ಬಂತು, 11.5 ಖರ್ಚಾಯಿತು, ಉಳಿಕೆ 161.5. ಬುಧವಾರ 11 ಕಿಲೋ ಹೋಗಿ 150.5. ಗುರುವಾರ 12 ಹೋಗಿ 138.5.

ತೊಂದರೆ ಬರುವುದು ಬಿಟ್ಟುಹೋದ ನಮೂದನ್ನು ನಡುವೆ ಸೇರಿಸುವಾಗ. ಮಂಗಳವಾರ ಸಂಜೆ ಪಕ್ಕದ ಶಾಲೆಗೆ 25 ಕಿಲೋ ಕಡ ಕೊಟ್ಟದ್ದು ಶುಕ್ರವಾರ ನೆನಪಾಯಿತು ಎನ್ನಿ. ಮೂರನೇ ಸಾಲಿನ ಕೆಳಗೆ ಹೊಸ ಸಾಲು ಸೇರಿಸಿ, ಮೇಲಿನ ಸೂತ್ರಗಳನ್ನು ನಕಲು ಮಾಡಿ, 25 ಬರೆದರೆ ಆ ಸಾಲಿನ ಉಳಿಕೆ 136.5 ಎಂದು ಸರಿಯಾಗಿಯೇ ಬರುತ್ತದೆ. ಆದರೆ ಬುಧವಾರದ ಆರಂಭ ಇನ್ನೂ 161.5 ಆಗಿಯೇ ಇರುತ್ತದೆ, ಏಕೆಂದರೆ ಅದರ ಸೂತ್ರ ಈಗಲೂ F3 ಅನ್ನೇ ನೋಡುತ್ತಿದೆ. ಹೊಸ ಸಾಲಿನ 25 ಕಿಲೋ ಮುಂದಿನ ಲೆಕ್ಕಕ್ಕೆ ಸೇರುವುದೇ ಇಲ್ಲ. ಎಕ್ಸೆಲ್ ಯಾವ ಎಚ್ಚರಿಕೆಯನ್ನೂ ಕೊಡದಿರಬಹುದು. ಸಾಲೊಂದನ್ನು ಅಳಿಸಿದರೆ ಮಾತ್ರ ಮುಂದಿನ ಸಾಲುಗಳಲ್ಲಿ #REF! ಕಾಣಿಸಿ ತಪ್ಪು ತಾನಾಗಿ ಗೊತ್ತಾಗುತ್ತದೆ.

ಆದ್ದರಿಂದ ಸಾಲಿನಿಂದ ಸಾಲಿಗೆ ಸಾಗುವ ಲೆಕ್ಕವನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬೇಕು. ಪಕ್ಕದ H2, H3, H4 ಸೆಲ್‌ಗಳಲ್ಲಿ ಇವನ್ನು ಬರೆಯಿರಿ:

```
=C2+SUM(D2:D500)-SUM(E2:E500)
=LOOKUP(9.99E+307,F2:F500)
=ROUND(H2-H3,3)
```

ಮೊದಲನೆಯದು ಒಟ್ಟು ಜಮೆಯಿಂದ ಒಟ್ಟು ಖರ್ಚನ್ನು ಒಂದೇ ಸಲ ಕಳೆಯುತ್ತದೆ. ಎರಡನೆಯದು ಅಖೈರು ಕಾಲಂನ ಕಟ್ಟಕಡೆಯ ಅಂಕಿಯನ್ನು ಹುಡುಕಿ ತರುತ್ತದೆ. ಮೂರನೆಯದು ಇವೆರಡರ ವ್ಯತ್ಯಾಸ. ಅದು ಯಾವಾಗಲೂ ಸೊನ್ನೆ ಇರಬೇಕು. ಎಕ್ಸೆಲ್‌ನ ದಶಾಂಶ ಲೆಕ್ಕದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಉಳಿಯುವುದುಂಟು, ಅದಕ್ಕೇ ಗ್ರಾಂವರೆಗೆ ROUND. ನಮ್ಮ ಉದಾಹರಣೆಯಲ್ಲಿ H2 ದಲ್ಲಿ 113.5, H3 ಯಲ್ಲಿ 138.5, ವ್ಯತ್ಯಾಸ -25. ಕಡದ ಅಕ್ಕಿ ಸಿಕ್ಕಿಬಿತ್ತು. ಸರಿಪಡಿಸಲು C3 ಯನ್ನು ಮತ್ತೊಮ್ಮೆ ಕೊನೆಯವರೆಗೆ ಎಳೆದರೆ ಕೊಂಡಿಗಳೆಲ್ಲ ಹೊಸದಾಗಿ ಕೂಡಿ, ಅಖೈರು 113.5 ಕ್ಕೆ ಇಳಿಯುತ್ತದೆ. ಯಾರೋ ಸೂತ್ರದ ಮೇಲೆ ಕೈಯಿಂದ ಅಂಕಿ ಬರೆದಿದ್ದರೂ ಸಾಮಾನ್ಯವಾಗಿ ಇದೇ ತಾಳೆ ಅದನ್ನು ತೋರಿಸುತ್ತದೆ.

ಅಖೈರು ಕಾಲಂನಲ್ಲಿ ಋಣ ಸಂಖ್ಯೆ ಬಂದರೂ ಎಚ್ಚರವಾಗಬೇಕು. ಇಲ್ಲದ ಅಕ್ಕಿಯನ್ನು ಯಾರೂ ಬೇಯಿಸಲಾರರು. ಬಂದದ್ದನ್ನು ಬರೆದಿಲ್ಲ, ಇಲ್ಲವೇ ಕೊಟ್ಟದ್ದನ್ನು ಹೆಚ್ಚು ಬರೆದಿದೆ ಎಂದೇ ಅದರ ಅರ್ಥ.

ತಾಳೆ ಸೊನ್ನೆಯಾದರೆ ಕೂಡಿಸಿ ಕಳೆದದ್ದು ಸರಿ ಎಂದಷ್ಟೇ ತಿಳಿಯಬೇಕು. ಬರೆಯದೇ ಬಿಟ್ಟ ನಮೂದು, ಇಲಿ ತಿಂದದ್ದು, ತೂಕ ಕಡಿಮೆಯಿದ್ದ ಚೀಲ ಯಾವ ಸೂತ್ರಕ್ಕೂ ಕಾಣುವುದಿಲ್ಲ. ಅದಕ್ಕಾಗಿ ತಿಂಗಳ ಕೊನೆಗೆ ಉಗ್ರಾಣದ ಅಕ್ಕಿಯನ್ನು ತೂಗಿ ಅಖೈರಿನೊಂದಿಗೆ ಹೋಲಿಸಿ. ಪುಸ್ತಕದಲ್ಲಿ 113.5, ತಕ್ಕಡಿಯಲ್ಲಿ 112 ಇದ್ದರೆ ಹಳೆಯ ಸಾಲುಗಳನ್ನು ತಿದ್ದಬೇಡಿ. ಆ ದಿನದ ದಿನಾಂಕ ಹಾಕಿ, ವಿವರದಲ್ಲಿ "ತೂಕದ ವ್ಯತ್ಯಾಸ" ಎಂದು ಬರೆದು, ವಿತರಣೆಯಲ್ಲಿ 1.5 ತೋರಿಸಿ. ವಹಿ ಮತ್ತು ಉಗ್ರಾಣ ಎರಡೂ 112 ಎನ್ನುತ್ತವೆ. ಮುಂದಿನ ತಿಂಗಳ ಶೀಟ್‌ನ C2 ದಲ್ಲಿ ಅದೇ 112 ಬರೆಯಿರಿ. ಕೊರತೆ ಎಷ್ಟು, ಯಾವ ತಿಂಗಳದ್ದು ಎಂಬುದು ಮುಂದೆ ಯಾರು ಪರಿಶೀಲಿಸಿದರೂ ಕಾಣುವಂತೆ ಉಳಿಯುತ್ತದೆ.