ಎರಡು ಸಂಬಳ, ಒಂದೇ ಹಾಳೆ

ಮಾರ್ಚ್ ಕೊನೆಯ ಭಾನುವಾರ ನಾಗರಭಾವಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಊಟ ಮುಗಿಸಿ ಕೂತಾಗ ಅವಳೇ ಮಾತು ತೆಗೆದಳು. “ಅಕ್ಕಾ, ಇಬ್ಬರೂ ದುಡೀತೀವಿ. ಕೆಟ್ಟ ಖರ್ಚೂ ಇಲ್ಲ. ಆದರೂ ಇಪ್ಪತ್ತನೇ ತಾರೀಖಿನ ಹೊತ್ತಿಗೆ ಇವರು ನನ್ನನ್ನ ಕೇಳ್ತಾರೆ, ನಾನು ಇವರನ್ನ ಕೇಳ್ತೀನಿ.” ಅವಳ ಗಂಡ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಕೈಗೆ ಬರುವ ಸಂಬಳ 70,000 ರೂಪಾಯಿ, ತಿಂಗಳ ಕೊನೆಯ ದಿನ. ಇವಳು ಖಾಸಗಿ ಶಾಲೆಯ ಶಿಕ್ಷಕಿ. 50,000, ಅದೂ ಏಳನೇ ತಾರೀಖಿಗೆ. ಮಗಳು ಯುಕೆಜಿಗೆ ಹೋಗಬೇಕು. ಮಗಳ ರೂಲ್ಡ್ ನೋಟ್‌ಬುಕ್ಕಿನಿಂದಲೇ ಒಂದು ಹಾಳೆ ಹರಿದುಕೊಂಡು ಮೂವರೂ ಬರೆಯಲು ಕೂತೆವು.

ಶೇಕಡಾ ಇಷ್ಟು ಖರ್ಚಿಗೆ, ಇಷ್ಟು ಉಳಿತಾಯಕ್ಕೆ ಎಂಬ ಸೂತ್ರಗಳನ್ನು ಅವರು ಮೊದಲೇ ಓದಿದ್ದರು. ಅವುಗಳಿಂದ ಶುರುಮಾಡಬೇಡಿ ಎಂದೆ. ತಿಂಗಳಿಗೆ ನಿಜವಾಗಿ ಹೋಗುವುದನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಯೇ ಬರೆಯಬೇಕು, ನೆನಪಿನಿಂದಲ್ಲ. ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಬರೆದಾಗ ಬಂದ ಲೆಕ್ಕ ಹೀಗಿತ್ತು: ಬಾಡಿಗೆ ಮತ್ತು ಮೇಂಟೆನೆನ್ಸ್ 26,000, ದಿನಸಿ, ಹಾಲು, ತರಕಾರಿ 15,000, ಕರೆಂಟು, ಗ್ಯಾಸು, ಫೋನು, ಇಂಟರ್ನೆಟ್ 4,000, ಮನೆಕೆಲಸದವರಿಗೆ 3,000, ಪೆಟ್ರೋಲು, ಮೆಟ್ರೊ 5,000, ಹೊರಗಿನ ಊಟ, ಚಿಲ್ಲರೆ ಖರ್ಚು 5,000. ಹಾಸನದಲ್ಲಿರುವ ಅತ್ತೆ ಮಾವನಿಗೆ 4,000. ಇಲ್ಲಿ ತಂಗಿ ಪೆನ್ನು ನಿಲ್ಲಿಸಿದಳು. ನಮ್ಮಮ್ಮನಿಗೆ ತಾನು ತಿಂಗಳಿಗೆ 2,000 ಕಳಿಸುತ್ತಿದ್ದುದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. “ಅದನ್ನೂ ಇದರಲ್ಲೇ ಸೇರಿಸು, ಯಾಕೆ ಮುಚ್ಚಿಟ್ಟೆ?” ಎಂದು ಅವರೇ ಆ ಸಾಲು ಬರೆದರು. ಒಟ್ಟು 64,000.

ಹಾಗಾದರೆ 56,000 ಉಳಿಯಬೇಕಲ್ಲ? ಉಳಿಯುತ್ತಿರಲಿಲ್ಲ. ಆ ದುಡ್ಡನ್ನು ನುಂಗುತ್ತಿದ್ದದ್ದು ವರ್ಷಕ್ಕೊಮ್ಮೆ, ಎರಡು ಸಲ ಬರುವ ಖರ್ಚುಗಳು. ಹೆಚ್ಚಿನ ಮನೆಗಳ ಲೆಕ್ಕ ಹರಿದುಹೋಗುವುದು ಇಲ್ಲೇ. ಸ್ಕೂಲ್ ಫೀಸು ಜೂನ್‌ನಲ್ಲಿ 33,000, ನವೆಂಬರ್‌ನಲ್ಲಿ ಮತ್ತೆ 33,000. ಆರೋಗ್ಯ ವಿಮೆ, ಟರ್ಮ್ ವಿಮೆ ಎರಡರ ಪ್ರೀಮಿಯಂ ಜುಲೈನಲ್ಲಿ 38,000. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ, ಗೌರಿ ಗಣೇಶಕ್ಕೆ ಬಟ್ಟೆಬರೆ ಸೇರಿ 10,000, ದೀಪಾವಳಿಗೆ 14,000. ಗಾಡಿಗಳ ಇನ್ಶೂರೆನ್ಸ್ ಜನವರಿಯಲ್ಲಿ 14,000. ಫೆಬ್ರವರಿಯ ಮದುವೆಗಳಿಗೆ ಓಡಾಟ, ಮುಯ್ಯಿ ಸೇರಿ 20,000. ಮಾರ್ಚ್‌ನಲ್ಲಿ ಗಾಡಿ ಸರ್ವಿಸ್ 6,000. ಕೂಡಿದರೆ ವರ್ಷಕ್ಕೆ 1,68,000, ತಿಂಗಳಿಗೆ 14,000. ಇವು ಬಂದಾಗಲೆಲ್ಲ ಅವರು ‘ಈ ತಿಂಗಳು ಸ್ವಲ್ಪ ಜಾಸ್ತಿ ಆಯ್ತು’ ಅಂದುಕೊಳ್ಳುತ್ತಿದ್ದರು. ವರ್ಷದಲ್ಲಿ ಏಳೆಂಟು ತಿಂಗಳು ಹಾಗೆಯೇ ಅಂದುಕೊಂಡಿದ್ದರು.

ತಿಂಗಳಿಗೆ 14,000ವನ್ನು ಬೇರೆ ಖಾತೆಗೆ ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಮುಗಿಯುವುದಿಲ್ಲ, ಯಾಕೆಂದರೆ ಖರ್ಚು ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಹಾಳೆಯ ಹಿಂಬದಿಯಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಗೆರೆ ಎಳೆದೆವು. ಸೊನ್ನೆಯಿಂದ ಶುರುಮಾಡಿದರೆ ಜೂನ್ ಫೀಸು ಕಟ್ಟಿದ ಮೇಲೆ 9,000 ಉಳಿಯುತ್ತದೆ. ಜುಲೈಯಲ್ಲಿ ಪ್ರೀಮಿಯಂ ಕಟ್ಟಲು 15,000 ಕಡಿಮೆ ಬೀಳುತ್ತದೆ. ನವೆಂಬರ್‌ನಲ್ಲಿ ಫೀಸು, ದೀಪಾವಳಿ ಎರಡೂ ಸೇರಿ ಕೊರತೆ 16,000. ವರ್ಷದಲ್ಲಿ ಅತಿ ಆಳದ ಹಳ್ಳ ಅದೇ. ಅಂದರೆ ಏಪ್ರಿಲ್‌ನಲ್ಲಿಯೇ ಆ ಖಾತೆಗೆ 16,000 ಮೊದಲು ಹಾಕಿಟ್ಟರೆ ಜುಲೈ ಕೊನೆಗೆ 1,000 ಉಳಿದಿರುತ್ತದೆ, ನವೆಂಬರ್ ಕೊನೆಗೆ ಸರಿಯಾಗಿ ಸೊನ್ನೆ, ಮಾರ್ಚ್‌ಗೆ ಮತ್ತೆ 16,000. ಅವರ ಹತ್ತಿರ ಉಳಿತಾಯ ಖಾತೆಯಲ್ಲಿ 72,000 ಇತ್ತು. ಅದರಲ್ಲಿ 16,000 ಇಲ್ಲಿಗೆ ಬಂತು. ನಿಮ್ಮ ಮನೆಯ ಹಳ್ಳ ಬೇರೆ ತಿಂಗಳಲ್ಲಿರಬಹುದು. ಹನ್ನೆರಡು ಗೆರೆ ಎಳೆಯದೆ ಅದು ಕಾಣಿಸುವುದಿಲ್ಲ.

ಈಗ ಮನೆ ನಡೆಸಲು ಬೇಕಾದ್ದು 64,000 ಮತ್ತು 14,000 ಸೇರಿ 78,000. ಇದನ್ನು ಅರ್ಧ ಅರ್ಧ ಹಾಕಿದರೆ ತಂಗಿಯ 50,000ದಲ್ಲಿ 39,000 ಹೋಗುತ್ತದೆ, ಗಂಡನ ಕೈಯಲ್ಲಿ 31,000 ಉಳಿಯುತ್ತದೆ. ಅವಳಿಗೆ ಒಳಗೊಳಗೇ ಕೊರಗಿದ್ದದ್ದು ಇದೇ. ಸಂಬಳ ಏಳಕ್ಕೆ ಐದರ ಪ್ರಮಾಣದಲ್ಲಿರುವಾಗ ಹೊಣೆಯೂ ಹಾಗೇ ಇರಲಿ: ಅವರಿಂದ 45,500, ಇವಳಿಂದ 32,500. ಇಬ್ಬರ ಹೆಸರಿನ ಜಂಟಿ ಖಾತೆ ತೆರೆದು, ಮನೆ ಖರ್ಚೆಲ್ಲ ಅಲ್ಲಿಂದಲೇ ಹೋಗುವಂತೆ ಮಾಡಿದೆವು. ಖಾತೆ ತೆರೆಯುವಾಗ ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದಾದ ‘ಈದರ್ ಆರ್ ಸರ್ವೈವರ್’ ಆಯ್ಕೆ ಬರೆಸಬೇಕು. ಇಲ್ಲದಿದ್ದರೆ ಒಬ್ಬರು ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬರ ಸಹಿಗೆ ಬೆಲೆ ಇಲ್ಲದಂತಾಗಬಹುದು.

ಇದರ ಜೊತೆಗೆ ಇಬ್ಬರಿಗೂ 5,000 ಕೈಖರ್ಚು, ಸಮಸಮ. ಅದರ ಲೆಕ್ಕ ಯಾರೂ ಯಾರಿಗೂ ಕೊಡಬೇಕಾಗಿಲ್ಲ. ಸಂಬಳ ಕಡಿಮೆ ಇದ್ದವರಿಗೆ ಸೀರೆ ಕೊಳ್ಳಲು ಅನುಮತಿ ಕೇಳುವ ಸ್ಥಿತಿ ಬರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಷ್ಟಾದ ಮೇಲೆ ಉಳಿದದ್ದು ತಿಂಗಳಿಗೆ 32,000.

ಮೊದಲು ಆಪತ್ತಿನ ಹಣ. ಆರು ತಿಂಗಳ ಖರ್ಚು ಇಡಬೇಕು ಎಂದು ಎಲ್ಲರೂ ಹೇಳುತ್ತಾರೆ. 78,000ದ ಆರು ಪಟ್ಟು ಎಂದರೆ 4,68,000. ಆ ಮೊತ್ತ ಕಂಡೇ ಇವರು ಹಿಂದಿನ ವರ್ಷ ಕೈಬಿಟ್ಟಿದ್ದರು. ಎರಡು ಸಂಬಳದ ಮನೆಗೆ ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕು: ದೊಡ್ಡ ಸಂಬಳ ನಿಂತರೆ ಏನಾಗುತ್ತದೆ? ಆಗ ಹೊರಗಿನ ಊಟ, ಕೈಖರ್ಚು, ಹಬ್ಬದ ಬಟ್ಟೆ ನಿಲ್ಲುತ್ತವೆ. ಬಾಡಿಗೆ, ಊಟ, ಬಿಲ್ಲು, ಹಿರಿಯರ ಹಣ, ಫೀಸು, ವಿಮೆ ನಿಲ್ಲುವುದಿಲ್ಲ. ಬಿಗಿಹಿಡಿದು ಬರೆದರೆ ತಿಂಗಳಿಗೆ 62,000. ತಂಗಿಯ 50,000 ಬರುತ್ತಲೇ ಇರುತ್ತದೆ, ಕೊರತೆ ತಿಂಗಳಿಗೆ 12,000 ಮಾತ್ರ. ಅವಳ ಸಂಬಳ ನಿಂತರೆ ಗಂಡನ 70,000ದಲ್ಲಿ ಕೊರತೆಯೇ ಇಲ್ಲ. ಎರಡೂ ಒಟ್ಟಿಗೆ ನಿಂತರೆ ಮೂರು ತಿಂಗಳಿಗೆ 1,86,000 ಬೇಕು. ಹಾಗಾಗಿ 2,00,000 ಗುರಿ ಇಟ್ಟೆವು. ಒಂದೇ ಸಂಬಳ ನಿಂತರೆ ಅದು ಹದಿನಾರು ತಿಂಗಳು ಮನೆ ಕಾಯುತ್ತದೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಇವರಿಬ್ಬರ ಕೆಲಸ ಬೇರೆ ಬೇರೆ ಕ್ಷೇತ್ರದಲ್ಲಿದೆ. ಗಂಡ ಹೆಂಡತಿ ಒಂದೇ ಕಂಪನಿಯಲ್ಲೋ ಒಂದೇ ಬಗೆಯ ಕೆಲಸದಲ್ಲೋ ಇದ್ದರೆ ಇಬ್ಬರಿಗೂ ಒಟ್ಟಿಗೇ ಕುತ್ತು ಬರುವ ಸಂಭವ ಹೆಚ್ಚು. ಅಂಥವರಿಗೆ ಆರು ತಿಂಗಳ ಹಳೆಯ ಮಾತೇ ಸರಿ. ಮನೆ ಸಾಲದ ಕಂತು ಇದ್ದವರಿಗೂ ಅಷ್ಟೇ.

ಕೈಯಲ್ಲಿ ಉಳಿದ 56,000 ಕಳೆದರೆ ಇನ್ನು 1,44,000 ಬೇಕು. ತಿಂಗಳಿಗೆ 18,000ದಂತೆ ಎಂಟು ತಿಂಗಳು. ಅದರಲ್ಲಿ 50,000 ಉಳಿತಾಯ ಖಾತೆಯಲ್ಲೇ ಇರಲಿ, ರಾತ್ರಿ ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಬೇಕಾದರೆ ಸಿಗಬೇಕು. ಉಳಿದದ್ದನ್ನು ಒಂದೇ ದೊಡ್ಡ ಎಫ್‌ಡಿ ಮಾಡದೆ 25,000ದ ಸಣ್ಣ ಸಣ್ಣ ಎಫ್‌ಡಿ ಮಾಡಿದರೆ, ಬೇಕಾದಷ್ಟನ್ನು ಮಾತ್ರ ಮುರಿಸಬಹುದು. ಉಳಿದವುಗಳ ಬಡ್ಡಿಗೆ ಪೆಟ್ಟು ಬೀಳುವುದಿಲ್ಲ. ನಮ್ಮ ಕಡೆ ಒಂದು ಎಚ್ಚರ ಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕು ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5,00,000 ರೂಪಾಯಿವರೆಗೆ ಠೇವಣಿ ವಿಮೆ ಇದೆ. ಬಡಾವಣೆಗೊಂದರಂತೆ ಇರುವ ಪತ್ತಿನ ಸೊಸೈಟಿ, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ, ಈ ವಿಮೆ ಅವಕ್ಕೆ ಅನ್ವಯಿಸುವುದಿಲ್ಲ. ಒಂದೆರಡು ಪೈಸೆ ಬಡ್ಡಿ ಹೆಚ್ಚು ಅಂತ ಆಪತ್ತಿನ ಹಣವನ್ನು ಅಲ್ಲಿ ಇಡಬಾರದು. ಚೀಟಿಯಲ್ಲೂ ಬೇಡ.

ಗುರಿ ಒಂದೇ ಬರೆದೆವು. ಎರಡು ವರ್ಷಕ್ಕೆ ಅವಳ ನಾದಿನಿಯ ಮದುವೆ, ಇವರ ಪಾಲು 3,00,000. ತಾರೀಖು ಗೊತ್ತಿರುವ ಹಣ ಷೇರು ಮಾರುಕಟ್ಟೆಗೆ ಹೋಗಬಾರದು. ಮದುವೆಯ ತಿಂಗಳೇ ಮಾರುಕಟ್ಟೆ ಬಿದ್ದಿದ್ದರೆ ಲಗ್ನ ಮುಂದೆ ಹಾಕಲಾಗುವುದಿಲ್ಲ. ಹಾಗಾಗಿ ಬ್ಯಾಂಕಿನ ಆರ್‌ಡಿ. ಆಪತ್ತಿನ ಹಣ ತುಂಬುವವರೆಗೆ ತಿಂಗಳಿಗೆ 6,000, ಆಮೇಲಿನ ಹದಿನಾರು ತಿಂಗಳು 16,000ದಂತೆ. ಎಂಟು ತಿಂಗಳ 48,000, ಹದಿನಾರು ತಿಂಗಳ 2,56,000 ಸೇರಿದರೆ 3,04,000. ಬಡ್ಡಿ ಬಂದದ್ದು ಲಾಭ.

ಹೂಡಿಕೆಗೆ ಈಗ ಉಳಿದದ್ದು 8,000, ಎಂಟು ತಿಂಗಳ ನಂತರ 16,000. ಇಬ್ಬರ ಸಂಬಳದಲ್ಲೂ ಪಿಎಫ್ ಹೋಗುತ್ತಿದೆ. ನಿಶ್ಚಿತ ಬಡ್ಡಿಯ ಭಾಗ ಅದರಲ್ಲೇ ಬೆಳೆಯುತ್ತದೆ. ಆದ್ದರಿಂದ ಇದು ಇಂಡೆಕ್ಸ್ ಫಂಡಿನ ಎಸ್‌ಐಪಿಗೆ, ಕನಿಷ್ಠ ಏಳೆಂಟು ವರ್ಷ ಮುಟ್ಟದ ಹಣ ಎಂದು ತಿಳಿದು. ಅವರವರ ಸಂಬಳದಿಂದ ಅವರವರ ಹೆಸರಿನಲ್ಲೇ ಹಾಕಲಿ, ನಾಮಿನಿ ಪರಸ್ಪರ ಇರಲಿ. ಗಂಡ ಕೊಟ್ಟ ಹಣವನ್ನು ಹೆಂಡತಿಯ ಹೆಸರಿನಲ್ಲಿ ಹೂಡಿದರೆ ಅದರ ಆದಾಯವನ್ನು ತೆರಿಗೆ ಇಲಾಖೆ ಗಂಡನ ಆದಾಯಕ್ಕೇ ಸೇರಿಸಿ ಲೆಕ್ಕ ಹಾಕುತ್ತದೆ.

ಕೊನೆಗೆ ತಾರೀಖು. ಹಿಂದೆ ತಂಗಿಯ ಖಾತೆಯಿಂದ ಎಸ್‌ಐಪಿ ಐದನೇ ತಾರೀಖಿಗೆ ಕಡಿತವಾಗುವಂತೆ ಇತ್ತು. ಸಂಬಳ ಏಳಕ್ಕೆ, ಒಮ್ಮೊಮ್ಮೆ ಒಂಬತ್ತಕ್ಕೆ. ಎರಡು ತಿಂಗಳು ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾಯಿತು, ಎರಡು ಸಲವೂ ಬ್ಯಾಂಕು ಜಿಎಸ್‌ಟಿ ಸೇರಿಸಿ ದಂಡ ಹಿಡಿದುಕೊಂಡಿತು. ಈಗ ಹಾಳೆಯಲ್ಲಿ ಹೀಗೆ ಬರೆದಿದೆ: ಒಂದನೇ ತಾರೀಖು ಅವರ 45,500 ಜಂಟಿ ಖಾತೆಗೆ, ಐದಕ್ಕೆ ಬಾಡಿಗೆ, ಅದು ಅವರ ಹಣದಿಂದಲೇ ಹೋಗುತ್ತದೆ, ಹತ್ತಕ್ಕೆ ಇವಳ 32,500, ಅದರಿಂದಲೇ ವರ್ಷದ ಖಾತೆಗೆ 14,000, ಹನ್ನೆರಡಕ್ಕೆ ಆರ್‌ಡಿ, ಎಸ್‌ಐಪಿ, ಆಪತ್ತಿನ ಹಣ. ತಿಂಗಳ ಕೊನೆಯ ಭಾನುವಾರ ವರ್ಷದ ಖಾತೆಯ ಬ್ಯಾಲೆನ್ಸನ್ನು ಹಿಂಬದಿಯ ಗೆರೆಯ ಜೊತೆ ಹೋಲಿಸಬೇಕು. ಅಲ್ಲಿ ಕಡಿಮೆ ಇದ್ದರೆ ಯಾವುದೋ ದಿನಬಳಕೆಯ ಖರ್ಚು ಅದರಿಂದ ಹೋಗಿದೆ ಎಂದೇ ಅರ್ಥ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಶಾಲೆಯವರು ಮುಂದಿನ ವರ್ಷಕ್ಕೆ ಫೀಸು 6,000 ಹೆಚ್ಚಿಸಿದ್ದಾರಂತೆ. “14,000 ಹೊಡೆದುಹಾಕಿ 14,500 ಅಂತ ಬರೆದಿದೀವಿ ಅಕ್ಕಾ,” ಎಂದಳು. “ಹೊರಗಿನ ಊಟದಿಂದ ತೆಗೆದದ್ದು. ಇವರೇ ಬರೆದರು.”