ಕೋಲಾಟಕ್ಕೆ ಹಾಡೇ ಇಲ್ಲ!

ಶಾಲೆಯ ವಾರ್ಷಿಕೋತ್ಸವಕ್ಕೆ ಇನ್ನೆರಡೇ ದಿನ. ಮಕ್ಕಳು ಕೋಲು ಹಿಡಿದು ಸಾಲಾಗಿ ನಿಂತಿದ್ದಾರೆ; ಟೀಚರ್ ಮೊಬೈಲಿನಲ್ಲಿ ಹಾಡು ಒತ್ತಿದರೆ ಸದ್ದೇ ಇಲ್ಲ. ಪ್ಲೇಲಿಸ್ಟಿನ ಹನ್ನೆರಡು ಹಾಡುಗಳಲ್ಲಿ ಮೂರರ ಹೆಸರು ಬೂದು ಬಣ್ಣಕ್ಕೆ ತಿರುಗಿದೆ. ಅಂದು ರಾತ್ರಿಯೇ ಆ್ಯಪ್ ಕಂಪನಿಗೆ ಇಮೇಲ್ ಹೋಯಿತು: ‘ದುಡ್ಡು ಕಟ್ಟಿ ಡೌನ್‌ಲೋಡ್ ಮಾಡಿದ್ದು ಮಾಯವಾಗುವುದು ಹೇಗೆ ಸ್ವಾಮಿ?’

ಕೋಪ ನ್ಯಾಯವಾದದ್ದೇ. ಆದರೆ ನಾವು ತಿಂಗಳು ತಿಂಗಳು ಕಟ್ಟುವುದು ಹಾಡಿನ ಬೆಲೆಯಲ್ಲ, ಕೇಳುವ ಬಾಡಿಗೆ. ಹಾಡಿನ ಹಕ್ಕುದಾರರೊಂದಿಗೆ ಆ್ಯಪ್‌ನವರ ಒಪ್ಪಂದ ಮುಗಿದರೆ, ಡೌನ್‌ಲೋಡ್ ಆಗಿ ಫೋನಿನಲ್ಲೇ ಕೂತಿದ್ದ ಹಾಡಿಗೂ ಬೀಗ ಬೀಳುತ್ತದೆ. ಮುಂಚಿತವಾಗಿ ಒಂದು ಮಾತು ಹೇಳುವ ಸೌಜನ್ಯವನ್ನು ಆ್ಯಪ್‌ಗಳು ಸಾಮಾನ್ಯವಾಗಿ ತೋರುವುದಿಲ್ಲ.

ಟೀಚರ್ ಇಮೇಲಿನಲ್ಲಿ ಸಿಟ್ಟಿತ್ತು, ವಿವರವಿರಲಿಲ್ಲ. ಹಾಡು, ಆಲ್ಬಂ ಹೆಸರು, ಸ್ಕ್ರೀನ್‌ಶಾಟ್ ಕಳಿಸಿ ಎಂದು ಮಾರುತ್ತರ ಬಂತು. ಒಂದು ದಿನ ಹಾಗೇ ಹೋಯಿತು. ಅಷ್ಟರಲ್ಲಿ ಅವರೇ ಹೊಸದಾಗಿ ಹುಡುಕಿದರು. ಎರಡು ಹಾಡು ಬೇರೆ ಆಲ್ಬಂಗಳಲ್ಲಿ ಹಾಗೇ ಇದ್ದವು! ಪ್ಲೇಲಿಸ್ಟ್ ಮಾತ್ರ ಹಳೆಯ ಕೊಂಡಿಯನ್ನೇ ಹಿಡಿದು ಕೂತಿತ್ತು. ಮೂರನೆಯದು, ಅಂದರೆ ಕೋಲಾಟದ ಹಾಡು, ಎಲ್ಲೂ ಸಿಗಲಿಲ್ಲ. ಸಹೋದ್ಯೋಗಿಯ ಮನೆಯಲ್ಲಿದ್ದ ಹಳೆಯ ಸಿ.ಡಿ.ಯೇ ಕೊನೆಗೆ ವೇದಿಕೆಯ ಪಕ್ಕ ತಿರುಗಿತು.