ರಾಜೀನಾಮೆ ಬರೆಯೋ ಮುಂಚೆ

ಹಳಿಯಾಳ ತಾಲೂಕಿನ ಸಾಂಬ್ರಾಣಿ ನಮ್ಮ ರೂಮ್‌ಮೇಟ್ ಊರು. ರಜೆಗೆ ಅಲ್ಲಿಗೆ ಹೋಗಿದ್ದಾಗ ಅವನ ಅಣ್ಣ ಒಂದು ಪೇಚಿನಲ್ಲಿದ್ದರು. ಧಾರವಾಡದ ಕಡೆ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಮೆಷಿನ್ ಆಪರೇಟರ್. ಆರ್ಡರ್ ಕಡಿಮೆಯಾಗಿದೆ ಅಂತ ಎಚ್‌ಆರ್ ಕರೆದು, "ನೀವೇ ರಾಜೀನಾಮೆ ಬರೆದುಕೊಡಿ, ಎಕ್ಸ್‌ಪೀರಿಯನ್ಸ್ ಲೆಟರ್ ಚೆನ್ನಾಗಿ ಕೊಡ್ತೀವಿ. ಇಲ್ಲಾಂದ್ರೆ ಟರ್ಮಿನೇಟ್ ಮಾಡ್ತೀವಿ" ಅಂದಿದ್ದರಂತೆ. ಟರ್ಮಿನೇಟ್ ಅನ್ನೋ ಪದ ಕೇಳಿ ಮನೆಯವರೆಲ್ಲ ಹೆದರಿದ್ದರು. ನಾವು ಕೂತು ಲೆಕ್ಕ ಹಾಕಿದೆವು.

ಅಣ್ಣನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ. ಎರಡೂ ದಾರಿಯಲ್ಲಿ ಸಿಗೋದು ಇಷ್ಟು: ದುಡಿದ ದಿನಗಳ ಸಂಬಳ, ನಿಯಮದಂತೆ ಉಳಿದ ರಜೆಯ ಹಣ, ಪಿಎಫ್, ಮತ್ತೆ ಐದು ವರ್ಷ ದಾಟಿರೋದರಿಂದ ಗ್ರಾಚ್ಯುಟಿ. ಗ್ರಾಚ್ಯುಟಿ ಲೆಕ್ಕ ಸುಲಭ: 26,000ವನ್ನು 26ರಿಂದ ಭಾಗಿಸಿ, 15ರಿಂದ ಮತ್ತು 6 ವರ್ಷದಿಂದ ಗುಣಿಸಿದರೆ 90,000 ರೂಪಾಯಿ. ರಾಜೀನಾಮೆ ಕೊಟ್ಟರೂ ಇದು ಹೋಗಲ್ಲ.

ವ್ಯತ್ಯಾಸ ಇರೋದು ಮುಂದೆ. ಕೆಲಸ ಇಲ್ಲ ಅಂತ ಕಂಪನಿಯೇ ಕಾರ್ಮಿಕನನ್ನು ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಒಂದು ವರ್ಷ ನಿರಂತರ ದುಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಪರಿಹಾರ. ಅಣ್ಣನಿಗೆ ಅದು ಸುಮಾರು ಮೂರು ತಿಂಗಳ ಸಂಬಳ. ಸ್ವಂತ ಇಚ್ಛೆಯಿಂದ ಅಂತ ಬರೆದು ಸಹಿ ಮಾಡಿದರೆ ಇವೆರಡೂ ಇಲ್ಲ. ಮೇಲಿಂದ, ನೋಟಿಸ್ ಅವಧಿ ಪೂರೈಸದೆ ಹೊರಟರೆ ನೇಮಕಾತಿ ಪತ್ರದ ಷರತ್ತು ತೋರಿಸಿ ಆ ದಿನಗಳ ಸಂಬಳ ಮುರಿದುಕೊಳ್ಳಬಹುದು.

ದುರ್ನಡತೆಗಾಗಿ ವಜಾ ಮಾಡೋದು ಬೇರೆ ವಿಷಯ. ಅದಕ್ಕೆ ಆರೋಪಪತ್ರ, ವಿಚಾರಣೆ ಆಗಬೇಕು. ಗ್ರಾಚ್ಯುಟಿ ತಡೆಯೋ ಅವಕಾಶ ಇರೋದು ಅಂಥ ವಜಾದ ಕೆಲವು ಸಂದರ್ಭಗಳಲ್ಲಿ ಮಾತ್ರ. ಆರ್ಡರ್ ಇಲ್ಲ ಅನ್ನೋದು ಕಾರ್ಮಿಕನ ತಪ್ಪಲ್ಲ.

ದುಡ್ಡು ಯಾವಾಗ ಬರಬೇಕು? ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಎರಡು ಕೆಲಸದ ದಿನಗಳ ಗಡುವು ಇದ್ದದ್ದು ಕಂಪನಿ ತೆಗೆದವರಿಗೆ ಮಾತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ರಾಜೀನಾಮೆ ಕೊಟ್ಟವರ ವೇತನಕ್ಕೂ ಅದೇ ಎರಡು ದಿನ ಹೇಳುತ್ತೆ. ಗ್ರಾಚ್ಯುಟಿಗೆ 30 ದಿನ.

ಇನ್ನು ಲೆಟರ್. ಅದು ಕಂಪನಿ ಮಾಡೋ ಉಪಕಾರ ಅಂತ ಎಲ್ಲರೂ ಅಂದ್ಕೊಂಡಿದ್ದರು. ಆದರೆ ಕಾರ್ಖಾನೆಗಳ ಮಾದರಿ ಸ್ಥಾಯಿ ಆದೇಶಗಳ ಪ್ರಕಾರ, ಕೆಲಸದಿಂದ ತೆಗೆದ ಕಾಯಂ ಕಾರ್ಮಿಕನಿಗೂ ಸೇವಾ ಪ್ರಮಾಣಪತ್ರ ಪಡೆಯೋ ಹಕ್ಕಿದೆ. ಮುಂದಿನ ಕೆಲಸಕ್ಕೆ ಮುಖ್ಯವಾಗಿ ಬೇಕಾಗೋದು ಅದರಲ್ಲಿರೋ ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ.

ಅಣ್ಣ ಸಹಿ ಮಾಡಲಿಲ್ಲ. "ನಾನು ಕೆಲಸ ಬಿಡ್ತಾ ಇಲ್ಲ. ತೆಗೆಯೋದಾದರೆ ಕಾರಣ ಬರೆದು ಕೊಡಿ" ಅಂತ ಅವತ್ತೇ ಇಮೇಲ್ ಕಳಿಸಿದರು. ವಾರ ಕಳೆದ ಮೇಲೆ ರಿಟ್ರೆಂಚ್‌ಮೆಂಟ್ ಪತ್ರ ಬಂತು, ನೋಟಿಸ್ ಸಂಬಳ ಮತ್ತು ಪರಿಹಾರದ ಲೆಕ್ಕದ ಸಮೇತ. ಕೆಲಸ ಹೋಯ್ತು, ನಿಜ. ಆದರೆ ಹೊಸ ಕೆಲಸ ಹುಡುಕೋಕೆ ನಾಲ್ಕು ತಿಂಗಳ ಸಂಬಳ ಕೈಯಲ್ಲಿತ್ತು.